ಆರೂವರೆಗೂ ಏಳಕ್ಕೂ ನಡುವೆ ಒಂದು ‘ಎಂತಕ್ಕೆ?’

ಭಟ್ಕಳ, ಹೊನ್ನಾವರ, ಕುಮಟಾದ ಕಡೆಯವರಿಗೆ ಹೊರದೇಶ ಹೊಸದಲ್ಲ. ನಮ್ಮ ಅಪ್ಪಂದಿರ ಕಾಲದವರು ಗಲ್ಫಿಗೆ ಹೋದರು, ದುಡಿದರು, ಊರಲ್ಲಿ ಮನೆ ಕಟ್ಟಿಸಿದರು. ಅವರ್‍ಯಾರಿಗೂ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ತೋರಿಸಿ ಅಂತ ಯಾರೂ ಕೇಳಿರಲಿಲ್ಲ. ನಮ್ಮ ವಯಸ್ಸಿನವರು ಹೊರಟಿರುವುದು ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್ ಕಡೆಗೆ. ಆ ದಾರಿಯಲ್ಲಿ ಐಇಎಲ್‌ಟಿಎಸ್ ಎಂಬ ಒಂದು ಗೇಟಿದೆ. ಆ ಗೇಟಿನಲ್ಲಿ ಹೆಚ್ಚಿನವರು ಸಿಕ್ಕಿಕೊಳ್ಳುವುದು ಮಾತಾಡುವಾಗಲ್ಲ, ಓದುವಾಗಲ್ಲ, ಬರೆಯುವಾಗ. ಬರೆಯುವುದರಲ್ಲೂ ಒಂದೇ ಒಂದು ಜಾಗದಲ್ಲಿ: ಆರರಿಂದ ಏಳಕ್ಕೆ ಹತ್ತುವ ಮೆಟ್ಟಿಲಲ್ಲಿ.

ನನ್ನ ಚಿಕ್ಕಪ್ಪನ ಮಗಳು ಅಲ್ಲಿ ಎರಡು ಸಲ ನಿಂತಳು. ಕಾಗಾಲದಲ್ಲಿ ಹುಟ್ಟಿ, ಕುಮಟಾದಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸದಲ್ಲಿರುವ ಹುಡುಗಿ. ಕೇಳುವುದರಲ್ಲಿ 8.5, ಓದುವುದರಲ್ಲಿ 8, ಮಾತಿನಲ್ಲಿ 7.5. ಬರವಣಿಗೆಯಲ್ಲಿ ಮಾತ್ರ ಎರಡು ಸಲವೂ 6.5. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಭಾಷೆಗೆ ಒಳ್ಳೆಯ ಅಂಕ ಬೇಕೆಂದರೆ ಅವರ ಅಳತೆಯ ಸಿಎಲ್‌ಬಿ 9 ಮುಟ್ಟಬೇಕು. ಅದಕ್ಕೆ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ ತಲಾ 7 ಬೇಕು. ಬರವಣಿಗೆ 6.5 ಆದರೆ ಅದು ಸಿಎಲ್‌ಬಿ 8. ಇನ್ನೊಂದು ಕಡೆ ವಯಸ್ಸಿನ ಅಂಕವೂ ಇದೆ. 29 ದಾಟಿದ ಮೇಲೆ ವರ್ಷ ವರ್ಷ ಇಳಿಯುತ್ತಾ ಹೋಗುತ್ತದೆ. ಅವಳಿಗೆ ಆಗ 28 ನಡೆಯುತ್ತಿತ್ತು. ಪ್ರತಿ ಸಲದ ಶುಲ್ಕ ಹದಿನೈದು ಸಾವಿರಕ್ಕೂ ಮೇಲೆ. ಹೀಗಾಗಿ ಆ ಅರ್ಧ ಅಂಕ ಬರೀ ಅರ್ಧ ಅಂಕವಾಗಿ ಉಳಿದಿರಲಿಲ್ಲ.

‘ಅಣ್ಣ, ಗ್ರಾಮರ್ ತಪ್ಪು ಎಲ್ಲಿದೆ ತೋರಿಸು ನೋಡ್ವಾ’ ಅಂತ ತನ್ನ ಅಭ್ಯಾಸದ ಪ್ರಬಂಧಗಳ ಕಟ್ಟನ್ನು ನನ್ನ ಮುಂದಿಟ್ಟಳು. ನಾನು ಸಾಫ್ಟ್‌ವೇರಿನವನು, ಇಂಗ್ಲಿಷ್ ಮೇಷ್ಟ್ರಲ್ಲ. ಆದರೆ ದಿನವಿಡೀ ಮಾಡುವ ಕೆಲಸ ಒಂದೇ: ಗಿರಾಕಿ ಏನು ಕೇಳಿದ್ದಾನೆ ಅಂತ ಓದುವುದು, ನಾವು ಕಟ್ಟಿದ್ದು ಅದೇ ಹೌದಾ ಅಂತ ಪರೀಕ್ಷಿಸುವುದು. ಕೋಡು ತಪ್ಪಿಲ್ಲದೆ ಓಡುತ್ತದೆ, ಆದರೆ ಗಿರಾಕಿ ಕೇಳಿದ್ದು ಅದಲ್ಲ. ಇಂಥದ್ದನ್ನು ನಮ್ಮಲ್ಲಿ ವಾರಕ್ಕೊಂದು ನೋಡುತ್ತೇವೆ. ಅವಳ ಪ್ರಬಂಧಗಳ ಕತೆಯೂ ಅದೇ ಆಗಿತ್ತು. ಗ್ರಾಮರ್ ಚೆನ್ನಾಗಿಯೇ ಇತ್ತು.

ನಾಲ್ಕು ತಕ್ಕಡಿ

ಬರವಣಿಗೆಗೆ ಒಟ್ಟು ಒಂದು ಗಂಟೆ. ಎರಡು ಪ್ರಶ್ನೆ. ಟಾಸ್ಕ್ 1ಕ್ಕೆ ಕನಿಷ್ಠ 150 ಪದ, ಟಾಸ್ಕ್ 2ಕ್ಕೆ ಕನಿಷ್ಠ 250 ಪದ. ಟಾಸ್ಕ್ 2 ಅಂದರೆ ಪ್ರಬಂಧ. ಅದರ ತೂಕ ಟಾಸ್ಕ್ 1ರ ಎರಡರಷ್ಟು. ಪ್ರಬಂಧವನ್ನು ನಾಲ್ಕು ತಕ್ಕಡಿಯಲ್ಲಿ ಬೇರೆ ಬೇರೆಯಾಗಿ ತೂಗುತ್ತಾರೆ, ನಾಲ್ಕಕ್ಕೂ ಸಮಪಾಲು. ಒಂದು ವ್ಯಾಕರಣ, ಇನ್ನೊಂದು ಪದಸಂಪತ್ತು, ಮೂರನೆಯದು ಓಟ ಮತ್ತು ಜೋಡಣೆ. ನಾಲ್ಕನೆಯದು ಟಾಸ್ಕ್ ರೆಸ್ಪಾನ್ಸ್. ಅಂದರೆ, ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಟ್ಟಿದ್ದೀರೋ ಇಲ್ಲವೋ.

ಮೊದಲ ಮೂರರಲ್ಲಿ ತಲಾ 7 ಬಂದು ಈ ಒಂದರಲ್ಲಿ 6 ಬಂದರೆ ಆ ಪ್ರಬಂಧದ ಸರಾಸರಿ 6.75. ಏಳು ಮುಟ್ಟಲಿಲ್ಲ. ಇನ್ನೊಂದು ತೊಡಕೂ ಇದೆ. ನಮ್ಮ ಕೈಗೆ ಬರುವ ಅಂಕಪಟ್ಟಿಯಲ್ಲಿ ಬರವಣಿಗೆಗೆ ಒಂದೇ ಒಂದು ಅಂಕೆ ಇರುತ್ತದೆ. ನಾಲ್ಕು ತಕ್ಕಡಿಯಲ್ಲಿ ಯಾವುದು ಇಳಿಯಿತು ಅಂತ ಅದು ಹೇಳುವುದಿಲ್ಲ. ಹಾಗಾಗಿ ಎಲ್ಲರೂ ಗುಮಾನಿ ಪಡುವುದು ಗ್ರಾಮರ್ ಮೇಲೆ. ಸಾವಿರ ಹೊಸ ಪದ ಬಾಯಿಪಾಠ ಮಾಡಿಕೊಂಡು ಮತ್ತೆ ಪರೀಕ್ಷೆಗೆ ಹೋಗುತ್ತಾರೆ, ಮತ್ತೆ ಅದೇ 6.5 ಹಿಡಿದುಕೊಂಡು ಬರುತ್ತಾರೆ.

ಯಾವ ಬ್ಯಾಂಡಿಗೆ ಏನು ಬೇಕು ಅನ್ನುವ ಕೋಷ್ಟಕ ಗುಟ್ಟೇನಲ್ಲ. ಐಇಎಲ್‌ಟಿಎಸ್ ನಡೆಸುವವರೇ ಅದನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. 2023ರಲ್ಲಿ ಅದರ ಮಾತುಗಳನ್ನು ಸ್ವಲ್ಪ ತಿದ್ದಿದ್ದಾರೆ ಕೂಡ. ಟಾಸ್ಕ್ ರೆಸ್ಪಾನ್ಸ್ ಕಾಲಮ್ಮಿನಲ್ಲಿ ಆರರ ಸಾಲನ್ನೂ ಏಳರ ಸಾಲನ್ನೂ ಅಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಮೂರು ಕಡೆ ಕಾಣುತ್ತದೆ.

ಮೊದಲನೆಯದು ಪ್ರಶ್ನೆಯ ಭಾಗಗಳು. ಆರರಲ್ಲೂ ಪ್ರಶ್ನೆಯ ಮುಖ್ಯ ಭಾಗಗಳಿಗೆ ಉತ್ತರ ಇರುತ್ತದೆ, ಆದರೆ ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಆಗಿರಬಹುದು. ಏಳರಲ್ಲಿ ಮುಖ್ಯ ಭಾಗಗಳಿಗೆಲ್ಲ ತಕ್ಕ ಉತ್ತರ ಇರಬೇಕು. ಎರಡನೆಯದು ನಿಲುವು. ಆರರ ಪ್ರಬಂಧದಲ್ಲಿ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ನಿಲುವು ಇದೆ, ಆದರೆ ಕೊನೆಗೆ ಮುಟ್ಟುವ ತೀರ್ಮಾನ ಅಸ್ಪಷ್ಟವಾಗಿರಬಹುದು, ಆಧಾರ ಇಲ್ಲದ್ದಾಗಿರಬಹುದು, ಅಥವಾ ಹೇಳಿದ್ದನ್ನೇ ಹೇಳಿದ್ದಾಗಿರಬಹುದು. ಏಳರಲ್ಲಿ ನಿಲುವು ಸ್ಪಷ್ಟವಾಗಿರಬೇಕು, ಬೆಳೆದಿರಬೇಕು. ಮೂರನೆಯದು ವಿಚಾರ. ಆರರಲ್ಲಿ ಮುಖ್ಯ ವಿಚಾರಗಳು ವಿಷಯಕ್ಕೆ ಸಂಬಂಧಿಸಿಯೇ ಇರುತ್ತವೆ, ಆದರೆ ಕೆಲವು ಪೂರ್ತಿ ಬೆಳೆದಿರುವುದಿಲ್ಲ, ಕೊಟ್ಟ ಆಧಾರ ಸಾಲದೆ ಹೋಗಿರುತ್ತದೆ. ಏಳರಲ್ಲಿ ವಿಚಾರ ಮುಂದಕ್ಕೆ ಹೋಗಿರಬೇಕು, ಅದಕ್ಕೆ ಬೆಂಬಲ ಸಿಕ್ಕಿರಬೇಕು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಏಳಕ್ಕೂ ಪರಿಪೂರ್ಣತೆ ಕೇಳಿಲ್ಲ. ಸ್ವಲ್ಪ ಅತಿ ಸಾಮಾನ್ಯವಾಗಿ ಹೇಳಿಬಿಡುವ ಚಾಳಿ ಇರಬಹುದು, ಬೆಂಬಲದ ಮಾತಿನಲ್ಲಿ ಒಂಚೂರು ಗುರಿ ತಪ್ಪಿರಬಹುದು ಅಂತ ಏಳರ ಸಾಲಿನಲ್ಲೇ ಬರೆದಿದೆ. ಅಂದರೆ ಇದು ಪಂಡಿತರಿಗೆ ಮಾತ್ರ ಸಿಗುವ ಅಂಕ ಅಲ್ಲ. ವಿಚಾರವನ್ನು ಅರ್ಧದಲ್ಲಿ ಬಿಡದವರಿಗೆ ಸಿಗುವ ಅಂಕ.

ಇಷ್ಟು ಓದಿದರೆ ಎಲ್ಲ ಅರ್ಥವಾದ ಹಾಗೆ ಅನಿಸುತ್ತದೆ, ಕೈ ಹಿಡಿದು ಬರೆಯುವಾಗ ಏನೂ ತಿಳಿಯುವುದಿಲ್ಲ. ಅದಕ್ಕೆ ಒಂದು ಪ್ರಬಂಧವನ್ನೇ ಬಿಚ್ಚಿ ನೋಡುವುದು ಒಳ್ಳೆಯದು.

ತಂಗಿ ಬರೆದ ಪ್ರಬಂಧ

ಇದು ಪರೀಕ್ಷೆಯಲ್ಲಿ ಬಂದ ಪ್ರಶ್ನೆಯಲ್ಲ, ಅಭ್ಯಾಸಕ್ಕೆ ಮಾಡಿಕೊಂಡದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಯುವಜನ ಹಳ್ಳಿ ಬಿಟ್ಟು ನಗರಕ್ಕೆ ಹೋಗುವುದನ್ನು ತಡೆಯಲು ಹಳ್ಳಿಯಲ್ಲೇ ಉದ್ಯೋಗ ಸೃಷ್ಟಿಸುವುದು ಅತ್ಯುತ್ತಮ ಮಾರ್ಗ. ಈ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’

ಅವಳು ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಕೊಡುತ್ತೇನೆ. ಮೊದಲ ಪ್ಯಾರಾ: ಇಂದಿನ ಆಧುನಿಕ ಯುಗದಲ್ಲಿ ವಲಸೆ ಒಂದು ಜ್ವಲಂತ ಸಮಸ್ಯೆ, ಹಳ್ಳಿಯಲ್ಲಿ ಉದ್ಯೋಗ ಸೃಷ್ಟಿಸಬೇಕೆಂಬುದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಎರಡನೆಯ ಪ್ಯಾರಾ: ಉದ್ಯೋಗ ಇದ್ದರೆ ಜನ ಹಳ್ಳಿಯಲ್ಲೇ ಇರುತ್ತಾರೆ, ಕುಟುಂಬ ಒಟ್ಟಿಗಿರುತ್ತದೆ, ಆರ್ಥಿಕತೆ ಬೆಳೆಯುತ್ತದೆ; ಉದಾಹರಣೆಗೆ, ಹಲವು ದೇಶಗಳು ಹಳ್ಳಿಗಳಲ್ಲಿ ಕೈಗಾರಿಕೆ ಆರಂಭಿಸಿ ಯಶಸ್ವಿಯಾಗಿವೆ. ಮೂರನೆಯ ಪ್ಯಾರಾ: ನಗರಗಳಲ್ಲಿ ಟ್ರಾಫಿಕ್ಕು, ಹೊಗೆ, ದುಬಾರಿ ಬಾಡಿಗೆ, ಬೆಂಗಳೂರಲ್ಲಿ ಆಫೀಸಿಗೆ ಹೋಗಲು ಎರಡು ತಾಸು ಬೇಕು. ಕೊನೆಯ ಪ್ಯಾರಾ: ಆದ್ದರಿಂದ ಸರಕಾರ ಹಳ್ಳಿಗಳಿಗೆ ಉದ್ಯೋಗ, ಶಾಲೆ, ಆಸ್ಪತ್ರೆ, ರಸ್ತೆ ಎಲ್ಲವನ್ನೂ ಕೊಡಬೇಕು.

278 ಪದ. ವಾಕ್ಯಗಳು ನೆಟ್ಟಗಿವೆ. ಓದಿದವರು ‘ಚೆನ್ನಾಗಿದೆ’ ಅನ್ನುತ್ತಾರೆ. ಈಗ ಕೋಷ್ಟಕದ ಮೂರು ಸಾಲು ಹಿಡಿದು ನೋಡಿ.

ಪ್ರಶ್ನೆ ಕೇಳಿದ್ದು ಉದ್ಯೋಗ ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲ. ಅದು ‘ಅತ್ಯುತ್ತಮ’ ಮಾರ್ಗವೇ ಅಂತ. ಅತ್ಯುತ್ತಮ ಅನ್ನಬೇಕಾದರೆ ಬೇರೆ ಮಾರ್ಗಗಳ ಪಕ್ಕದಲ್ಲಿಟ್ಟು ನೋಡಬೇಕು. ತಂಗಿಯ ಪ್ರಬಂಧದಲ್ಲಿ ಆ ಹೋಲಿಕೆ ಒಂದು ಸಾಲೂ ಇಲ್ಲ. ಉದ್ಯೋಗ ಒಳ್ಳೆಯದು ಅಂತ ಮಾತ್ರ ಇದೆ. ಐಇಎಲ್‌ಟಿಎಸ್ ಪ್ರಶ್ನೆಗಳಲ್ಲಿ ಇಂಥ ಸಣ್ಣ ಪದಗಳು ಬೇಕಂತಲೇ ಇರುತ್ತವೆ: ‘ಏಕೈಕ’, ‘ಯಾವಾಗಲೂ’, ‘ಎಲ್ಲರೂ’, ‘ಅದಕ್ಕಿಂತ ಮುಖ್ಯ’. ವಿಷಯ ಏನು ಅಂತ ಹೇಳುವುದು ದೊಡ್ಡ ಪದ; ಪ್ರಶ್ನೆ ಏನು ಅಂತ ಹೇಳುವುದು ಈ ಸಣ್ಣ ಪದ. ದೊಡ್ಡ ಪದ ನೋಡಿದೊಡನೆ ಬರೆಯಲು ಶುರು ಮಾಡಿದವರು ವಿಷಯದ ಬಗ್ಗೆ ಬರೆಯುತ್ತಾರೆ, ಪ್ರಶ್ನೆಯ ಬಗ್ಗೆ ಅಲ್ಲ.

ಎರಡನೆಯದು ನಿಲುವು. ಆರಂಭದಲ್ಲಿ ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಅಂದವಳು ಕೊನೆಗೆ ಉದ್ಯೋಗದ ಜೊತೆ ಶಾಲೆ, ಆಸ್ಪತ್ರೆ, ರಸ್ತೆ ಎಲ್ಲ ಬೇಕು ಅನ್ನುತ್ತಾಳೆ. ಎಲ್ಲವೂ ಬೇಕಾದರೆ ಉದ್ಯೋಗ ಅತ್ಯುತ್ತಮ ಹೇಗಾಯಿತು? ಅವಳಿಗೆ ಗೊತ್ತಿಲ್ಲದ ಹಾಗೆ ನಿಲುವು ಬದಲಾಗಿದೆ. ಶಾಲೆ, ಆಸ್ಪತ್ರೆಯ ಮಾತು ಒಳಗಿನ ಪ್ಯಾರಾಗಳಲ್ಲಿ ಎಲ್ಲೂ ಇಲ್ಲ. ಕೊನೆಯಲ್ಲಿ ಮಾತ್ರ ಆಕಾಶದಿಂದ ಇಳಿದು ಬಂದಿದೆ. ತೀರ್ಮಾನಕ್ಕೆ ಆಧಾರ ಇಲ್ಲ ಅಂತ ಆರರ ಸಾಲು ಹೇಳುವುದು ಇದನ್ನೇ.

ಮೂರನೆಯದು ವಿಚಾರದ ಬೆಳವಣಿಗೆ. ‘ಉದ್ಯೋಗ ಇದ್ದರೆ ಜನ ಇರುತ್ತಾರೆ, ಕುಟುಂಬ ಒಟ್ಟಿಗಿರುತ್ತದೆ, ಆರ್ಥಿಕತೆ ಬೆಳೆಯುತ್ತದೆ.’ ಒಂದೇ ವಾಕ್ಯದಲ್ಲಿ ಮೂರು ವಿಚಾರ, ಒಂದಕ್ಕೂ ವಿವರ ಇಲ್ಲ. ಪಟ್ಟಿ ಆಯಿತೇ ಹೊರತು ವಾದ ಆಗಲಿಲ್ಲ. ಇನ್ನು ಆ ಉದಾಹರಣೆ: ‘ಹಲವು ದೇಶಗಳು ಯಶಸ್ವಿಯಾಗಿವೆ.’ ಯಾವ ದೇಶ, ಎಂಥ ಕೈಗಾರಿಕೆ, ಯಶಸ್ಸು ಅಂದರೆ ಏನು? ಈ ವಾಕ್ಯವನ್ನು ಕಿತ್ತು ಶಿಕ್ಷಣದ ಪ್ರಬಂಧಕ್ಕೋ ಪರಿಸರದ ಪ್ರಬಂಧಕ್ಕೋ ಅಂಟಿಸಿದರೂ ಕೂರುತ್ತದೆ. ಎಲ್ಲಿ ಬೇಕಾದರೂ ಕೂರುವ ಉದಾಹರಣೆ ಯಾವುದಕ್ಕೂ ಆಧಾರ ಕೊಡುವುದಿಲ್ಲ.

ಟ್ರಾಫಿಕ್ಕಿನ ಪ್ಯಾರಾ ಅವಳಿಗೆ ಬಹಳ ಇಷ್ಟವಾಗಿತ್ತು, ಸ್ವಂತ ಅನುಭವ ಅಂತ. ಆದರೆ ನಗರ ಕಷ್ಟ ಅನ್ನುವುದು ಹಳ್ಳಿಯಲ್ಲಿ ಉದ್ಯೋಗವೇ ಅತ್ಯುತ್ತಮ ದಾರಿ ಅನ್ನುವುದಕ್ಕೆ ಸಾಕ್ಷಿ ಹೇಗಾಗುತ್ತದೆ? ಅಷ್ಟು ಕಷ್ಟ ಇದ್ದೂ ಜನ ಹೋಗುತ್ತಲೇ ಇದ್ದಾರಲ್ಲ. ಪ್ರಬಂಧದ ಮೂರನೆಯ ಒಂದು ಭಾಗ ವಿಷಯದ ಅಂಗಳದಲ್ಲೇ ಇದೆ, ಆದರೆ ಪ್ರಶ್ನೆಯ ಮನೆಯೊಳಗೆ ಬಂದಿಲ್ಲ.

ಎಂತಕ್ಕೆ, ಹೇಗೆ, ಎಲ್ಲಿ

ತಿದ್ದಲು ಕೂತಾಗ ಪೆನ್ನು ಮುಟ್ಟಲಿಲ್ಲ. ನಾನು ಕೇಳಿದೆ, ‘ನಿನ್ನ ಮನಸ್ಸಲ್ಲಿ ಇರುವುದು ಏನು ಹೇಳು. ಊರಲ್ಲಿ ಕೆಲಸ ಸಿಕ್ಕಿದ್ರೆ ನೀ ಉಳೀತಿದ್ಯಾ?’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, ‘ಸಿಕ್ಕಿತ್ತಲ್ಲ ಅಣ್ಣ. ಕೊರೊನಾ ಟೈಮಲ್ಲಿ ಕೆಲಸ ಊರಿಗೇ ಬಂದಿತ್ತು.’

ಹೌದಲ್ಲ! 2020ರ ಲಾಕ್‌ಡೌನಿನಲ್ಲಿ ನಾನೂ ಅವಳೂ ಕಾಗಾಲಕ್ಕೆ ಬಂದು, ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೆಂಗಳೂರಿನ ಸಂಬಳಕ್ಕೇ ದುಡಿದೆವು. ನಮ್ಮ ಕೇರಿಯಲ್ಲಿ ಇಂಥವರು ಇನ್ನೂ ಕೆಲವರಿದ್ದರು. ಕೆಲಸ ಹಳ್ಳಿಗೆ ಬಂದಿತ್ತು. ಆದರೂ ನಾವು ಉಳಿಯಲಿಲ್ಲ.

‘ಎಂತಕ್ಕೆ?’ ಅಂದೆ.

‘ಆಫೀಸಿಗೆ ಕರೆದ್ರು.’

‘ಕರೆಯದೇ ಇದ್ದವರೂ ಹೋದ್ರಲ್ಲ. ಪಕ್ಕದ ಮನೆಯವ ಈಗಲೂ ಮನೆಯಿಂದಲೇ ಕೆಲಸ ಮಾಡ್ತಾನೆ. ಮಾಡುವುದು ಮಂಗಳೂರಲ್ಲಿ ಕೂತು.’

‘ಅವ ಹೋದದ್ದು ಅವನ ಅಪ್ಪನ ಹೃದಯದ ಚಿಕಿತ್ಸೆಗೆ. ಮತ್ತೆ ಮಗಳ ಶಾಲೆಗೆ.’

ಅಲ್ಲಿಗೆ ಅವಳ ನಿಜವಾದ ನಿಲುವು ಸಿಕ್ಕಿತು. ಉದ್ಯೋಗ ಬೇಕು, ಆದರೆ ಅದೊಂದೇ ಜನರನ್ನು ಹಿಡಿದಿಡುವುದಿಲ್ಲ. ಆಸ್ಪತ್ರೆ, ಶಾಲೆ ಹತ್ತಿರ ಇಲ್ಲದಿದ್ದರೆ ಕೆಲಸ ಇದ್ದವನೂ ಹೊರಡುತ್ತಾನೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅನ್ನುವ ಕೂಗು ಹಳೆಯದು, 2022ರಲ್ಲಿ ಅದು ಸಾಮಾಜಿಕ ಜಾಲತಾಣಗಳಲ್ಲೂ ಜೋರಾಗಿ ಕೇಳಿಸಿತು. ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ನಮ್ಮವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಂತ ಹೊರಡುತ್ತಾರೆ.

ಈಗ ಪ್ರಬಂಧದ ಅಸ್ಥಿಪಂಜರ ತಾನಾಗಿ ನಿಂತಿತು. ಆರಂಭದ ಕೊನೆಯ ಸಾಲಿನಲ್ಲಿ ನಿಲುವು: ಉದ್ಯೋಗ ಅಗತ್ಯ, ಆದರೆ ಅತ್ಯುತ್ತಮ ಮಾರ್ಗ ಅಂತ ನಾನು ಒಪ್ಪುವುದಿಲ್ಲ, ಏಕೆಂದರೆ ಆರೋಗ್ಯ ಮತ್ತು ಶಿಕ್ಷಣ ಇಲ್ಲದ ಕಡೆ ಕೆಲಸ ಇದ್ದವರೂ ನಿಲ್ಲುವುದಿಲ್ಲ. ಎರಡನೆಯ ಪ್ಯಾರಾದಲ್ಲಿ ಉದ್ಯೋಗದ ಪಾಲನ್ನು ಒಪ್ಪಿಕೊಳ್ಳುವುದು. ಮೂರನೆಯದರಲ್ಲಿ ಅದು ಎಲ್ಲಿ ಸಾಲುವುದಿಲ್ಲ ಅಂತ ತೋರಿಸುವುದು. ಕೊನೆಯಲ್ಲಿ ಆ ಎರಡನ್ನೂ ತೂಗಿ ಹೇಳುವುದು.

ಎರಡನೆಯ ಪ್ಯಾರಾಕ್ಕೆ ಅವಳೇ ಗಜನಿಯನ್ನು ತಂದಳು. ಅಘನಾಶಿನಿಯ ಅಳಿವೆಯ ಪಕ್ಕ ನಮ್ಮಲ್ಲಿ ಗಜನಿ ಭೂಮಿ ಇದೆ, ಉಪ್ಪುನೀರು ನುಗ್ಗುವ ಗದ್ದೆ. ಅಲ್ಲಿ ಬೆಳೆಯುತ್ತಿದ್ದದ್ದು ಕಗ್ಗ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಭತ್ತ. ಆ ಬೇಸಾಯ ಕುಗ್ಗಿ, ಎಷ್ಟೋ ಗಜನಿಗಳಲ್ಲಿ ಸೀಗಡಿ ಸಾಕಣೆ ಬಂತು. ಗದ್ದೆಯಲ್ಲಿ ಊರಿಗೆ ಊರೇ ಇಳಿಯುತ್ತಿದ್ದ ಕಡೆ ಕೆಲವೇ ಕೈಗೆ ಕೆಲಸ ಉಳಿಯಿತು. ‘ಇದನ್ನು ಬರೆದ್ರೆ ಎಕ್ಸಾಮಿನರಿಗೆ ಎಂತ ಅರ್ಥವಾಗ್ತದೆ? ಅವರಿಗೆ ಕಗ್ಗ ಗೊತ್ತಿಲ್ವಲ್ಲ’ ಅಂತ ಅವಳಿಗೆ ಅನುಮಾನ.

ಅನುಮಾನ ಸರಿಯೇ. ಆದರೆ ಪ್ರಶ್ನೆಯ ಕೆಳಗೇ ಅಚ್ಚಾಗಿರುತ್ತದೆ, ನಿಮ್ಮ ಸ್ವಂತ ತಿಳಿವಳಿಕೆ ಅಥವಾ ಅನುಭವದ ಉದಾಹರಣೆ ಕೊಡಿ ಅಂತ. ಅದು ಯಾವ ಊರಿನದೂ ಆಗಬಹುದು. ಓದುವವರಿಗೆ ಗೊತ್ತಿಲ್ಲದ ಹೆಸರಾದರೆ ಅರ್ಧ ವಾಕ್ಯದಲ್ಲಿ ಏನೆಂದು ಹೇಳಿದರೆ ಸಾಕು: ಕರಾವಳಿಯ ನನ್ನ ಹಳ್ಳಿಯಲ್ಲಿ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಒಂದು ಬಗೆಯ ಭತ್ತ. ಹೆಸರನ್ನೇ ಬಿಟ್ಟರೂ ನಡೆಯುತ್ತದೆ. ಉದಾಹರಣೆಯಲ್ಲಿ ಏನು ಇದೆ ಅನ್ನುವುದಕ್ಕಿಂತ, ಅದರಿಂದ ಏನು ಸಾಬೀತಾಯಿತು ಅನ್ನುವ ವಾಕ್ಯ ಅದರ ಹಿಂದೆಯೇ ಬರಬೇಕು. ‘ಗದ್ದೆಯ ಕೆಲಸ ಕಮ್ಮಿಯಾದ ಮೇಲೆ ಮೊದಲು ಹೊರಟವರು ಭೂಮಿ ಇಲ್ಲದ ಮನೆಗಳ ಯುವಕರು, ಅಂದರೆ, ಆದಾಯವೇ ಇಲ್ಲದವರಿಗೆ ಉದ್ಯೋಗ ಮೊದಲ ಅಗತ್ಯ ಅನ್ನುವುದು ನಿಜ.’ ಇಷ್ಟು ಸೇರಿಸಿದರೆ ಕತೆ ಹೋಗಿ ವಾದ ಆಗುತ್ತದೆ. ಈ ‘ಅಂದರೆ’ ಇಲ್ಲದ ಉದಾಹರಣೆಗಳೇ ಆರರ ಪ್ರಬಂಧಗಳಲ್ಲಿ ತುಂಬಿರುತ್ತವೆ.

ಮೂರನೆಯ ಪ್ಯಾರಾದಲ್ಲಿ ಲಾಕ್‌ಡೌನಿನ ಕತೆ. ಮೊದಲ ಸಲ ಅವಳು ಬರೆದದ್ದು, ‘ಕೊರೊನಾ ಸಮಯದಲ್ಲಿ ಜನ ಹಳ್ಳಿಗೆ ಬಂದರು, ಆದರೆ ಮತ್ತೆ ನಗರಕ್ಕೆ ಹೋದರು.’ ಇದರಲ್ಲಿ ಒಂದು ತೂತಿದೆ. ಆಫೀಸು ಕರೆಯಿತು ಅಂತ ಹೋದವರೂ ಅದರಲ್ಲಿ ಸೇರಿದ್ದಾರೆ. ಅವರು ಉದ್ಯೋಗಕ್ಕಾಗಿಯೇ ಹೋದವರು. ಹಾಗಾದರೆ ಅವಳ ಉದಾಹರಣೆ ಎದುರಾಳಿಯ ಪಕ್ಷಕ್ಕೇ ಸಾಕ್ಷಿ ಹೇಳಿದ ಹಾಗಾಯಿತು. ಎರಡನೆಯ ಸಲ ತಿದ್ದಿ ಬರೆದಳು: ‘ಮನೆಯಿಂದಲೇ ಕೆಲಸ ಮಾಡಲು ಶಾಶ್ವತ ಅನುಮತಿ ಇದ್ದ ನನ್ನ ನೆರೆಮನೆಯವರು ಕೂಡ ಎರಡು ವರ್ಷದೊಳಗೆ ನಗರಕ್ಕೆ ಮರಳಿದರು, ಏಕೆಂದರೆ ತಂದೆಯ ಹೃದಯ ಚಿಕಿತ್ಸೆಗೆ ಪ್ರತಿ ತಿಂಗಳು ಬೇರೆ ಜಿಲ್ಲೆಗೆ ಪ್ರಯಾಣ ಮಾಡಬೇಕಿತ್ತು. ಸಂಬಳ ಹಳ್ಳಿಯಲ್ಲೇ ಬರುತ್ತಿತ್ತು, ಬಾರದಿದ್ದದ್ದು ವೈದ್ಯರು.’ ಈಗ ಉದಾಹರಣೆ ತನಗೆ ಬೇಕಾದ್ದನ್ನು ಮಾತ್ರ ಹೇಳುತ್ತದೆ. ಏಳರ ಸಾಲಿನಲ್ಲಿ ‘ನಿಖರತೆ’ ಅನ್ನುವ ಮಾತು ಯಾಕಿದೆ ಅಂತ ನನಗೆ ಸರಿಯಾಗಿ ತಿಳಿದದ್ದು ಈ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

ಕೊನೆಯ ಪ್ಯಾರಾ ಎರಡೇ ವಾಕ್ಯ. ಆದಾಯವೇ ಇಲ್ಲದವರನ್ನು ಉದ್ಯೋಗ ತಡೆದೀತು, ಆದರೆ ಕುಟುಂಬ ಕಟ್ಟಿಕೊಂಡವರನ್ನು ತಡೆಯುವುದು ಆಸ್ಪತ್ರೆ ಮತ್ತು ಶಾಲೆ. ಹಾಗಾಗಿ ಉದ್ಯೋಗವನ್ನು ಅತ್ಯುತ್ತಮ ಮಾರ್ಗ ಅನ್ನುವುದಕ್ಕಿಂತ ಮೊದಲ ಹೆಜ್ಜೆ ಅನ್ನುವುದು ಸರಿ. ಹೊಸ ವಿಷಯ ಒಂದೂ ಬರಲಿಲ್ಲ. ‘ಅತ್ಯುತ್ತಮ’ ಅನ್ನುವ ಪದಕ್ಕೆ ನೇರ ಉತ್ತರ ಸಿಕ್ಕಿತು.

ಪದ ಎಣಿಸಿದರೆ 284. ಮೊದಲಿಗಿಂತ ಆರು ಪದ ಜಾಸ್ತಿ. ಹೊಸ ದೊಡ್ಡ ಪದ ಒಂದೂ ಸೇರಿಸಿರಲಿಲ್ಲ, ವಾಕ್ಯಗಳೂ ಹೆಚ್ಚುಕಮ್ಮಿ ಅದೇ ಮಟ್ಟದವು. ಬದಲಾದದ್ದು ಯೋಚನೆಯ ದಾರಿ ಮಾತ್ರ.

ಹಾಗಂತ ಕೆಲವು ಗೊಂದಲಗಳು

ನಿಲುವು ಅಂದರೆ ಒಂದೇ ಕಡೆ ನಿಂತು ಗಟ್ಟಿಯಾಗಿ ಕೂಗುವುದು ಅಂತ ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಭಾಗಶಃ ಒಪ್ಪಬಹುದು, ಪೂರ್ತಿ ವಿರೋಧಿಸಬಹುದು. ಯಾವ ಅಭಿಪ್ರಾಯ ಅನ್ನುವುದಕ್ಕೆ ಅಂಕವಿಲ್ಲ. ಆದರೆ ಭಾಗಶಃ ಒಪ್ಪುವುದಾದರೆ ಯಾವ ಭಾಗ, ಯಾರ ಮಟ್ಟಿಗೆ ಅಂತ ಗೆರೆ ಎಳೆಯಬೇಕು. ‘ಎರಡರಲ್ಲೂ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ’ ಅನ್ನುವುದು ನಿಲುವಲ್ಲ, ನಿಲುವಿನಿಂದ ತಪ್ಪಿಸಿಕೊಳ್ಳುವುದು.

ಇನ್ನು ಕೋಚಿಂಗ್ ಕ್ಲಾಸಿನ ಟೆಂಪ್ಲೇಟು. ತಂಗಿ ಹೋಗುತ್ತಿದ್ದ ಕ್ಲಾಸಿನಲ್ಲಿ ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರುವಾಗುವ ಹತ್ತು ಹನ್ನೆರಡು ವಾಕ್ಯಗಳನ್ನು ಬಾಯಿಪಾಠ ಮಾಡಿಸಿದ್ದರು. ಅವುಗಳಲ್ಲಿ ಗ್ರಾಮರ್ ತಪ್ಪಿಲ್ಲ. ಆದರೆ ಎಲ್ಲ ಪ್ರಶ್ನೆಗೂ ಹೊಂದುವ ವಾಕ್ಯ ಈ ಪ್ರಶ್ನೆಗೆ ಏನನ್ನೂ ಹೇಳುವುದಿಲ್ಲ. 280 ಪದದಲ್ಲಿ 70 ಪದ ಅಂಥವೇ ಆದರೆ ವಿಚಾರ ಬೆಳೆಸಲು ಉಳಿಯುವುದು 210. ಹಾಗಾಗಿ ನಷ್ಟ ಆಗುವುದು ಟಾಸ್ಕ್ ರೆಸ್ಪಾನ್ಸಿಗೆ.

ಉದ್ದ ಬರೆದರೆ ಅಂಕ ಜಾಸ್ತಿ ಅನ್ನುವುದೂ ಹಾಗೆಯೇ. 400 ಪದ ಬರೆಯುವವರು ಸಾಮಾನ್ಯವಾಗಿ ಐದು ವಿಚಾರ ತುರುಕುತ್ತಾರೆ, ಒಂದೂ ಬೆಳೆಯುವುದಿಲ್ಲ. ಎರಡು ವಿಚಾರ ಆರಿಸಿಕೊಂಡು, ಪ್ರತಿಯೊಂದಕ್ಕೂ ಎಂತಕ್ಕೆ, ಹೇಗೆ, ಎಲ್ಲಿ ಅಂತ ಮೂರು ಪ್ರಶ್ನೆ ಕೇಳಿ ಉತ್ತರ ಬರೆದರೆ 270–290 ಪದದಲ್ಲಿ ಪ್ರಬಂಧ ತಾನಾಗಿ ತುಂಬುತ್ತದೆ. ಟಾಸ್ಕ್ 2ಕ್ಕೆ ಸಿಗುವ 40 ನಿಮಿಷದಲ್ಲಿ ಮೊದಲ ಆರೇಳು ನಿಮಿಷವನ್ನು ಈ ಮೂರು ಪ್ರಶ್ನೆಗೆ ಕೊಡುವುದನ್ನು ತಂಗಿ ರೂಢಿ ಮಾಡಿಕೊಂಡಳು. ಮೊದಮೊದಲು ಕೈ ತಡೆಯುತ್ತಿರಲಿಲ್ಲ, ಗಡಿಯಾರ ನೋಡಿ ಗಾಬರಿಯಾಗುತ್ತಿತ್ತು. ಹತ್ತನೆಯ ಪ್ರಬಂಧದ ಹೊತ್ತಿಗೆ ಸರಿಹೋಯಿತು. ದಾರಿ ಗೊತ್ತಿದ್ದ ಮೇಲೆ ಬರೆಯುವುದಕ್ಕೆ ಅರ್ಧ ತಾಸು ಸಾಕು.

ಬರೆದಾದ ಮೇಲೆ ತನ್ನನ್ನು ತಾನೇ ಪರೀಕ್ಷಿಸುವುದಕ್ಕೆ ನಾವು ಎರಡು ಉಪಾಯ ಇಟ್ಟುಕೊಂಡೆವು. ಒಂದು, ಆರಂಭದ ಕೊನೆಯ ಸಾಲು ಮತ್ತು ಮುಕ್ತಾಯ, ಇವೆರಡನ್ನೇ ಓದುವುದು. ಇಬ್ಬರು ಬೇರೆ ಬೇರೆ ಜನ ಬರೆದ ಹಾಗೆ ಕಂಡರೆ ನಿಲುವು ಜಾರಿದೆ ಅಂತ ಅರ್ಥ. ಎರಡು, ಪ್ರಶ್ನೆಯನ್ನು ಮುಚ್ಚಿಟ್ಟು ಪ್ರಬಂಧವನ್ನು ಬೇರೆಯವರಿಗೆ ಕೊಟ್ಟು, ‘ಇದಕ್ಕೆ ಪ್ರಶ್ನೆ ಏನಿದ್ದೀತು?’ ಅಂತ ಕೇಳುವುದು. ಮೊದಲ ಪ್ರಬಂಧವನ್ನು ಓದಿದ ನನ್ನ ಹೆಂಡತಿ, ‘ಹಳ್ಳಿ ಒಳ್ಳೆಯದಾ ನಗರ ಒಳ್ಳೆಯದಾ ಅಂತ ಕೇಳಿರಬೇಕು’ ಅಂದಳು. ಎರಡನೆಯದನ್ನು ಓದಿ, ‘ಉದ್ಯೋಗ ಒಂದೇ ಸಾಕಾ ಅಂತ ಕೇಳಿದ್ದಾರೆ’ ಅಂದಳು. ಉತ್ತರ ನೋಡಿ ಪ್ರಶ್ನೆ ಗೊತ್ತಾಗಬೇಕು. ಅಷ್ಟೇ ಟಾಸ್ಕ್ ರೆಸ್ಪಾನ್ಸ್.

ಇದರ ಮಿತಿಯನ್ನೂ ಹೇಳಬೇಕು. ಉಳಿದ ಮೂರು ತಕ್ಕಡಿಯಲ್ಲಿ ಏಳಕ್ಕೆ ಹತ್ತಿರ ಇರುವವರಿಗೆ ಮಾತ್ರ ಇದು ಸಹಾಯ. ಪ್ರತಿ ಸಾಲಿನಲ್ಲೂ ವ್ಯಾಕರಣ ಎಡವುವವರು ಮೊದಲು ಅದನ್ನು ನೋಡಿಕೊಳ್ಳಬೇಕು. ಎಷ್ಟು ಒಳ್ಳೆಯ ವಾದವಾದರೂ ಓದುವವರಿಗೆ ತಲುಪದೆ ಹೋದರೆ ಬೆಳೆದ ಹಾಗಲ್ಲ. ಟಾಸ್ಕ್ 1ಕ್ಕೆ ಬೇರೆಯೇ ಅಳತೆ ಇದೆ.

ತಂಗಿ ಮೂರನೆಯ ಸಲ ಬರೆದು ಬರವಣಿಗೆಯಲ್ಲಿ 7 ತಂದಳು. ಯಾವ ತಕ್ಕಡಿ ಏರಿತು ಅಂತ ಆ ಕಾಗದ ಈ ಸಲವೂ ಹೇಳಲಿಲ್ಲ. ಅವಳ ಅರ್ಜಿ ಈಗ ಸಾಲಿನಲ್ಲಿದೆ. ಚಿಕ್ಕಪ್ಪ ಮಾತ್ರ ಆ ಪ್ರಬಂಧವನ್ನು ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿದರು. ಕೇಳಿ, ‘ಇಷ್ಟು ಚೆನ್ನಾಗಿ ಬರೆದದ್ದನ್ನು ಕೆನಡಾದವರಿಗೆ ಕಳಿಸುವ ಬದಲು ಜಿಲ್ಲಾಧಿಕಾರಿಗೆ ಕಳಿಸು, ಆಸ್ಪತ್ರೆಯಾದರೂ ಆದೀತು’ ಅಂದರು. ನಿಲುವು ಸ್ಪಷ್ಟ, ಆಧಾರವೂ ಇತ್ತು. ನಮ್ಮಿಬ್ಬರ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.